ಮೇಣದ ಬತ್ತಿ ಮಾಗುವ 14 ದಿನಗಳು: ಮುಂಗಡ ಆರ್ಡರಿನ ಪ್ರಕಟಣೆ ಹೇಗಿರಬೇಕು?

ದೀಪಾವಳಿ ಸಮೀಪಿಸುತ್ತಿದ್ದಂತೆ, ಮನೆಯಲ್ಲಿಯೇ ಮೇಣದ ಬತ್ತಿ ತಯಾರಿಸುವ ತಾಯಂದಿರಿಂದಲೂ ಸಹೋದರಿಯರಿಂದಲೂ ವಾಟ್ಸ್‌ಆ್ಯಪ್‌ನಲ್ಲಿ ಪ್ರಕಟಣೆಗಳು ಬರತೊಡಗುತ್ತವೆ. ಹಣವನ್ನು ಈಗ ಕೊಡಬೇಕು, ಬತ್ತಿಯು ತಿಂಗಳ ತರುವಾಯ ಕೈಸೇರುತ್ತದೆ. ಇದಕ್ಕೇ ಮುಂಗಡ ಆರ್ಡರ್ ಎಂದು ಹೆಸರು. ಆದರೆ ಇಂತಹ ಪ್ರಕಟಣೆಗಳಲ್ಲಿ ಅನೇಕ ವೇಳೆ ಕಾಣುವುದು ಎರಡೇ ವಾಕ್ಯಗಳು: “ಶೀಘ್ರದಲ್ಲಿ ಕಳುಹಿಸಲಾಗುವುದು”, “ಹಣ ಹಿಂದಿರುಗಿಸಲಾಗದು”. ಹಬ್ಬ ಮುಗಿದ ಮೇಲೆ ಪೊಟ್ಟಣ ಬಂದಾಗ ನೆಂಟರಿಷ್ಟರ ನಡುವೆ ಮನಸ್ತಾಪವುಂಟಾಗುವುದು ಈ ಎರಡು ವಾಕ್ಯಗಳಿಂದಲೇ. ತಯಾರಿಕೆಯ ಅವಧಿ, ಕಳುಹಿಸುವ ದಿನಾಂಕ, ರದ್ದತಿಯ ನಿಯಮ ಈ ಮೂರನ್ನೂ ಮೇಣದ ಸ್ವಭಾವವೇ ನಿರ್ಧರಿಸುತ್ತದೆ ಎಂಬುದನ್ನು ಅರಿತರೆ ಪ್ರಕಟಣೆಯನ್ನು ಬರೆಯುವುದು ಸುಲಭವಾಗುತ್ತದೆ.

ಮೇಣವೇಕೆ ಕಾಯಿಸುತ್ತದೆ?

ಗಾಜಿನ ಲೋಟದಲ್ಲಿ ಎರೆಯುವ ಬತ್ತಿಗೆ ಇಂದು ಬಹುಮಂದಿ ಸೋಯಾ ಮೇಣವನ್ನು ಬಳಸುತ್ತಾರೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಮೇಣವನ್ನು ಕರಗಿಸಿ, ಸುಮಾರು 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಗಂಧ ತೈಲವನ್ನು ಬೆರೆಸಿ, ಎರಡು ನಿಮಿಷ ಮೆಲ್ಲನೆ ಕಲಕಿ, 60 ಡಿಗ್ರಿಯ ಆಸುಪಾಸಿಗೆ ತಣಿದ ಮೇಲೆ ಲೋಟಕ್ಕೆ ಎರೆಯುವುದು ವಾಡಿಕೆ. ಮರುದಿನಕ್ಕೆ ಬತ್ತಿಯು ಗಟ್ಟಿಯಾಗಿ ಸಿದ್ಧವಾದಂತೆಯೇ ತೋರುತ್ತದೆ. ಆದರೆ ಅದು ಸಿದ್ಧವಾಗಿರುವುದಿಲ್ಲ. ಸೋಯಾ ಮೇಣದ ಹರಳುಗಳು ಒಳಗೊಳಗೇ ಇನ್ನೂ ಹಲವು ದಿನ ಕೂಡಿಕೊಳ್ಳುತ್ತಿರುತ್ತವೆ. ಉಪ್ಪಿನಕಾಯಿಯಂತೆ ಇದಕ್ಕೂ ಮಾಗುವ ಕಾಲವೊಂದುಂಟು. ಸಾಮಾನ್ಯವಾಗಿ ಎರಡು ವಾರ. ಮಾಗದ ಬತ್ತಿಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಹೊತ್ತಿಸದೆ ಮೂಸಿದರೆ ಘಮ್ಮೆನ್ನುತ್ತದೆ, ಹೊತ್ತಿಸಿದರೆ ಕೋಣೆಯಲ್ಲಿ ಪರಿಮಳ ಹರಡುವುದಿಲ್ಲ. ಪ್ಯಾರಾಫಿನ್ ಮೇಣಕ್ಕಾದರೋ ಕೆಲವೇ ದಿನಗಳು ಸಾಕು. ಆದುದರಿಂದ ಬಳಸಿದ ಮೇಣ ಯಾವುದೆಂದು ಪ್ರಕಟಣೆಯಲ್ಲಿ ತಿಳಿಸಿದರೆ ತಡವೇಕೆಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆತಂತಾಗುತ್ತದೆ.

ಲೋಟವಾಗಲಿ ಪರಿಮಳವಾಗಲಿ ಹೊಸದಾಗಿದ್ದರೆ ಆರ್ಡರ್ ತೆರೆಯುವುದಕ್ಕೆ ಮೊದಲೇ ಒಂದು ಪರೀಕ್ಷೆ ನಡೆಯಬೇಕು. ನಡುವಿನ ನೂಲು ತೆಳುವಾದರೆ ಜ್ವಾಲೆಯು ನಡುವಿನಲ್ಲಿ ಬಾವಿ ತೋಡಿದಂತೆ ಇಳಿದು ಅಂಚಿನ ಮೇಣವೆಲ್ಲ ವ್ಯರ್ಥವಾಗುತ್ತದೆ. ದಪ್ಪವಾದರೆ ಹೊಗೆ ಕಟ್ಟಿ ಗಾಜು ಕಾಯುತ್ತದೆ. ಏಳು ಸೆಂಟಿಮೀಟರ್ ಅಗಲದ ಲೋಟದಲ್ಲಿ ಮೂರು ತಾಸಿನ ಸುಮಾರಿಗೆ ಕರಗಿದ ಮೇಣವು ಅಂಚನ್ನು ಮುಟ್ಟಿದರೆ ನೂಲು ಸರಿಯಾಗಿದೆಯೆಂದು ತಿಳಿಯಬಹುದು. ಪರೀಕ್ಷೆಯ ಬತ್ತಿಯೂ ಎರಡು ವಾರ ಮಾಗಬೇಕಾದುದರಿಂದ ಈ ಕೆಲಸ ಒಂದು ತಿಂಗಳು ಮುಂಚಿತವಾಗಿಯೇ ಮುಗಿದಿರಬೇಕು.

ಹಬ್ಬದಿಂದ ಹಿಂದಕ್ಕೆ ಎಣಿಸುವ ಲೆಕ್ಕ

ಕಳುಹಿಸುವ ದಿನಾಂಕವನ್ನು ಇಂದಿನಿಂದ ಮುಂದಕ್ಕೆ ಎಣಿಸದೆ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. 2025ರಲ್ಲಿ ನರಕ ಚತುರ್ದಶಿಯು ಅಕ್ಟೋಬರ್ 20ರಂದು ಬಂದಿತ್ತು. ಆ ವರ್ಷಕ್ಕೆ 60 ಲೋಟಗಳ ಆರ್ಡರ್ ಪಡೆದ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳೋಣ. ಲೋಟಕ್ಕೆ 150 ಗ್ರಾಂ ಮೇಣ, ಅದರ ನೂರಕ್ಕೆ 8ರಂತೆ 12 ಗ್ರಾಂ ತೈಲ. ಮನೆಯ ಪಾತ್ರೆಯಲ್ಲಿ ಒಮ್ಮೆಗೆ ಒಂದೂವರೆ ಕಿಲೋ ಮೇಣ ಕರಗುತ್ತದೆ, ಅಂದರೆ 10 ಲೋಟ. ದಿನಕ್ಕೆರಡು ಸಲ ಎರೆದರೆ 20; ಅರವತ್ತಕ್ಕೆ ಮೂರು ದಿನ.

ಬತ್ತಿಯು ಅಕ್ಟೋಬರ್ 17ರೊಳಗೆ ಮನೆ ತಲುಪಬೇಕು. ಹಬ್ಬದ ದಟ್ಟಣೆಯಲ್ಲಿ ಕೊರಿಯರಿಗೆ ಏಳು ದಿನ ಬಿಟ್ಟರೆ ಕಳುಹಿಸುವ ದಿನ ಅಕ್ಟೋಬರ್ 10. ನೂಲನ್ನು ಕತ್ತರಿಸಿ, ಚೀಟಿ ಅಂಟಿಸಿ, ಗಾಜು ಒಡೆಯದಂತೆ ಸುತ್ತಲು 7ರಿಂದ 9ರವರೆಗೆ ಮೂರು ದಿನ. ಮಾಗುವಿಕೆ 6ಕ್ಕೆ ಮುಗಿಯಬೇಕಾದರೆ ಕೊನೆಯ ಲೋಟವನ್ನು ಸೆಪ್ಟೆಂಬರ್ 22ರಂದು ಎರೆದಿರಬೇಕು. ಎರೆಯುವ ಕೆಲಸವನ್ನು ಮಾತ್ರ 16, 17, 18ರಂದೇ ಮುಗಿಸುವುದು ಜಾಣತನ. ಏಕೆಂದರೆ ಮೇಲ್ಮೈಯಲ್ಲಿ ಗುಂಡಿ ಬಿದ್ದಿರುವುದು, ನೂಲು ಓರೆಯಾಗಿರುವುದು ಮುಂತಾದ ದೋಷಗಳು ತಣಿದ ಮೇಲೆಯೇ ಕಾಣುತ್ತವೆ. ಉಳಿದ ನಾಲ್ಕು ದಿನ ಮರಳಿ ಎರೆಯುವುದಕ್ಕೆ ಬೇಕಾಗುತ್ತದೆ. ಸಾಮಗ್ರಿಯನ್ನು ತರಿಸಲು ಐದು ದಿನ ಹಿಡಿದರೆ, ಆರ್ಡರ್ ಮುಚ್ಚುವ ದಿನ ಸೆಪ್ಟೆಂಬರ್ 10. ಹಬ್ಬಕ್ಕೆ 40 ದಿನ ಮೊದಲೇ ಆರ್ಡರ್ ಮುಚ್ಚುವುದು ಕೊಳ್ಳುವವರಿಗೆ ವಿಚಿತ್ರವೆನಿಸೀತು. ಆದರೆ ಸೆಪ್ಟೆಂಬರ್ 25ಕ್ಕೆ ಒಬ್ಬ ಬಂಧುವಿನ ಒತ್ತಾಯಕ್ಕೆ ಮಣಿದು ಒಪ್ಪಿಕೊಂಡ ಹತ್ತು ಲೋಟಗಳು ಮಾಗದೆಯೇ ಹೊರಡಬೇಕಾಗುತ್ತದೆ.

ಇಲ್ಲಿ ಒಂದು ಪದದ ಎಚ್ಚರಿಕೆ ಅವಶ್ಯ. ಕಳುಹಿಸುವ ದಿನ ಬೇರೆ, ತಲುಪುವ ದಿನ ಬೇರೆ. “ಅಕ್ಟೋಬರ್ 10” ಎಂದಷ್ಟೇ ಬರೆದರೆ ಕೊಳ್ಳುವವರು ಅಂದೇ ಬಾಗಿಲಲ್ಲಿ ಕಾಯುತ್ತಾರೆ. ಎರಡನ್ನೂ ಬರೆಯಬೇಕು. “15 ಕೆಲಸದ ದಿನಗಳು” ಎಂಬ ಲೆಕ್ಕಕ್ಕಿಂತ ದಿನಾಂಕವೇ ಲೇಸು. ನಡುವೆ ನವರಾತ್ರಿ ಬಂದಾಗ ಕೆಲಸದ ದಿನ ಯಾವುದೆಂಬುದು ಯಾರಿಗೂ ತಿಳಿಯದು.

ರದ್ದತಿಯ ನಿಯಮ

ರದ್ದತಿಯ ನಿಯಮವೂ ಕೆಲಸದ ಹಂತಗಳನ್ನೇ ಅನುಸರಿಸಬೇಕು. ಆರ್ಡರ್ ಮುಚ್ಚುವವರೆಗೆ ತಯಾರಕರು ಏನನ್ನೂ ಖರೀದಿಸಿರುವುದಿಲ್ಲ. ಆಗ ಪೂರ್ಣ ಹಣ ಹಿಂದಿರುಗಿಸುವುದು ನ್ಯಾಯ. ಬಳಿಕವೂ ಸಾದಾ ಬತ್ತಿಯನ್ನು ಬೇರೊಬ್ಬರಿಗೆ ಮಾರಬಹುದು. ಆದರೆ ಗೃಹಪ್ರವೇಶಕ್ಕೆಂದು ಮನೆಯ ಹೆಸರನ್ನು ಅಚ್ಚು ಹಾಕಿಸಿದ ಲೋಟವನ್ನು ಮತ್ತಾರೂ ಕೊಳ್ಳರು. ಆದುದರಿಂದ ಸಾದಾ ಬತ್ತಿಗೆ ಒಂದು ನಿಯಮ, ಹೆಸರಿನ ಬತ್ತಿಗೆ ಇನ್ನೊಂದು ನಿಯಮವಿರಬೇಕು.

ಈ ವಿಷಯದಲ್ಲಿ ಕಾನೂನೂ ಮೌನವಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಅಂತರ್ಜಾಲದ ವ್ಯಾಪಾರಕ್ಕೆ ಅನ್ವಯಿಸುತ್ತವೆ. ಕೊಳ್ಳುವವರು ರದ್ದು ಮಾಡಿದಾಗ ಶುಲ್ಕ ಹಿಡಿಯುವ ವ್ಯಾಪಾರಿಯು ತಾನಾಗಿಯೇ ರದ್ದು ಮಾಡಿದಾಗ ಅಂತಹುದೇ ಶುಲ್ಕವನ್ನು ಹೊರಲು ಸಿದ್ಧನಿರಬೇಕು. ವಸ್ತುವು ದೋಷಯುಕ್ತವಾಗಿದ್ದರೆ, ಅಥವಾ ತಿಳಿಸಿದ ದಿನಾಂಕ ಮೀರಿ ತಲುಪಿದರೆ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಪ್ರಕೃತಿ ವಿಕೋಪದಂತಹ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿಯುಂಟು. ಎಂದೋ ಒಮ್ಮೆ ಸ್ವಂತಕ್ಕೆಂದು ಮಾಡಿದ ವಸ್ತುವನ್ನು ಮಾರುವ ವ್ಯಕ್ತಿಗೆ ಈ ನಿಯಮಗಳು ತಗಲುವುದಿಲ್ಲ. ಪ್ರತಿ ಹಬ್ಬಕ್ಕೂ ವ್ಯವಸ್ಥಿತವಾಗಿ ವ್ಯಾಪಾರ ನಡೆಸುವವರು ಆ ವಿನಾಯಿತಿಯನ್ನು ನಂಬಿ ಕೂರುವಂತಿಲ್ಲ. ಹಾಗಾಗಿ “ಹಣ ಹಿಂದಿರುಗಿಸಲಾಗದು” ಎಂಬ ಒಂದೇ ಸಾಲು ಯಾರನ್ನೂ ಕಾಯುವುದಿಲ್ಲ.

ಮೇಲಿನ ಲೆಕ್ಕಕ್ಕೆ ಹೊಂದುವ ಪ್ರಕಟಣೆಯ ಮಾದರಿ ಹೀಗಿರಬಹುದು:

“ಸೋಯಾ ಮೇಣದ ಬತ್ತಿ, 150 ಗ್ರಾಂ, ಒಟ್ಟು 60 ಮಾತ್ರ. ಆರ್ಡರಿಗೆ ಕೊನೆಯ ದಿನ ಸೆಪ್ಟೆಂಬರ್ 10. ಎರೆದ ಬಳಿಕ 14 ದಿನ ಮಾಗಿಸಲಾಗುವುದು. ಕಳುಹಿಸುವ ದಿನ ಅಕ್ಟೋಬರ್ 10. ತಮಗೆ ತಲುಪುವುದು ಅಕ್ಟೋಬರ್ 17ರೊಳಗೆ. ಸೆಪ್ಟೆಂಬರ್ 10ರವರೆಗೆ ರದ್ದು ಮಾಡಿದರೆ ಪೂರ್ಣ ಹಣ ವಾಪಸು. ಆ ಬಳಿಕ ಸಾದಾ ಬತ್ತಿಯನ್ನು ಬೇರೆಯವರು ಕೊಂಡೊಡನೆ ಹಣ ವಾಪಸು. ಹೆಸರು ಹಾಕಿಸಿದ ಬತ್ತಿಗೆ ರದ್ದತಿಯಿಲ್ಲ. ನಮ್ಮಿಂದ ತಡವಾಗುವಂತಿದ್ದರೆ ಹೊಸ ದಿನಾಂಕವನ್ನು ಮುಂಚಿತವಾಗಿ ತಿಳಿಸುತ್ತೇವೆ; ಒಪ್ಪದವರಿಗೆ ಪೂರ್ಣ ಹಣ ವಾಪಸು. ಒಡೆದು ಬಂದರೆ ಕೂಡಲೇ ಚಿತ್ರ ಕಳುಹಿಸಿರಿ. ಬೇರೆ ಬತ್ತಿ ಅಥವಾ ಹಣ ಕೊಡುತ್ತೇವೆ.”

ಕೊಳ್ಳುವ ಮನೆಯವರು ಹಣ ಕಳುಹಿಸುವ ಮುನ್ನ ಇದರಲ್ಲಿ ನೋಡಬೇಕಾದುದು ಎರಡು ದಿನಾಂಕಗಳನ್ನು. ಆರ್ಡರ್ ಮುಚ್ಚುವ ದಿನಕ್ಕೂ ಕಳುಹಿಸುವ ದಿನಕ್ಕೂ ನಡುವೆ ಮೂರು ವಾರವಾದರೂ ಇಲ್ಲದ ಸೋಯಾ ಬತ್ತಿ ಮೊದಲೇ ಎರೆದಿಟ್ಟದ್ದಾಗಿರಬೇಕು, ಇಲ್ಲವೇ ಮಾಗದೆ ಹೊರಟದ್ದಾಗಿರಬೇಕು. ಯಾವುದೆಂದು ಕೇಳಿ ತಿಳಿದುಕೊಂಡೇ ಹಣ ಕಳುಹಿಸುವುದು ಲೇಸು.