‘ಕೊಡುತ್ತೀರಾ?’ ಎಂದು ಕೇಳುವ ಮೊದಲು

ಐಸಿಯು ಬಾಗಿಲ ಹೊರಗೆ ನಿಂತವರಿಗೆ ಕೆಲವೊಮ್ಮೆ ಒಂದೇ ಉಸಿರಿನಲ್ಲಿ ಹೀಗೆ ಹೇಳಿಬಿಡುತ್ತಾರೆ: ‘ಬ್ರೇನ್ ಡೆಡ್ ಆಗಿದ್ದಾರೆ, ಸದ್ಯ ಲೈಫ್ ಸಪೋರ್ಟ್ ಮೇಲಿದ್ದಾರೆ, ಆರ್ಗನ್ಸ್ ಡೊನೇಟ್ ಮಾಡೋದಾದ್ರೆ ಹೇಳಿ.’ ಕೇಳಿದವರ ಕಿವಿಗೆ ಇದು ಬೇರೆಯೇ ಆಗಿ ಬೀಳುತ್ತದೆ. ಸತ್ತಿರುವುದು ಮಿದುಳು ಮಾತ್ರ, ಉಳಿದ ಮೈ ಬದುಕಿದೆ. ಲೈಫ್ ಸಪೋರ್ಟ್ ಎಂದರೆ ಜೀವ ಇನ್ನೂ ಇದೆ. ಇದ್ದರೂ ಅಂಗ ಕೇಳುತ್ತಿದ್ದಾರೆ! ‘ಜೀವ ಇರುವಾಗಲೇ ಕಿಡ್ನಿ ಕೇಳಿದರಂತೆ’ ಎಂಬ ಮಾತು ಊರು ಸೇರುವುದು ಹೀಗೆ.

ಈ ಗೊಂದಲ ಓದುಬರಹ ಬಾರದವರದ್ದಷ್ಟೇ ಅಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಮಿದುಳು ಕೆಲಸ ನಿಲ್ಲಿಸಿದೆ ಎಂದು ತಿಳಿದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಆಗ ಒಂದು ಕಡೆ ಸಂತಾಪಗಳು ಹರಿದುಬರುತ್ತಿದ್ದರೆ ಇನ್ನೊಂದು ಕಡೆ ‘ಇನ್ನೂ ಉಸಿರಾಡುತ್ತಿದ್ದಾರೆ’ ಎಂಬ ಸುದ್ದಿ ಓಡಾಡುತ್ತಿತ್ತು. ಹೋಗಿದ್ದಾರೆಯೇ, ಇದ್ದಾರೆಯೇ ಎಂದು ರಾಜ್ಯಕ್ಕೆ ರಾಜ್ಯವೇ ಕೇಳಿಕೊಂಡಿತು. ಅಂಗಾಂಗ ದಾನದ ಮಾತು ಸರಿಯಾಗಿ ಶುರುವಾಗಬೇಕಾದರೆ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು.

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತುಮಕೂರು ಕಡೆಯ ನಲವತ್ತೆರಡರ ವ್ಯಕ್ತಿ ಬೈಕಿನಿಂದ ಬಿದ್ದು ಬೆಂಗಳೂರಿನ ಆಸ್ಪತ್ರೆ ಸೇರಿದ್ದಾರೆ. ಹೊರಗೆ ಹೆಂಡತಿ, ಅಣ್ಣ, ವಯಸ್ಸಾದ ತಾಯಿ, ಪಿಯುಸಿ ಓದುವ ಮಗಳು ಕಾಯುತ್ತಿದ್ದಾರೆ.

ಮೊದಲು ಸಾವಿನ ಮಾತು

ಮಿದುಳಿನ ಕಾಂಡ ಸತ್ತಿದೆ ಎಂದು ಒಬ್ಬ ವೈದ್ಯರು ಹೇಳಿದರೆ ಕಾನೂನು ಒಪ್ಪುವುದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಸಹಿ ಹಾಕಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕಿರಿದಾಗುತ್ತದೆಯೇ ನೋಡುತ್ತಾರೆ. ಹತ್ತಿಯ ಎಳೆಯನ್ನು ಕಣ್ಣಿಗೆ ಸೋಕಿಸಿ ರೆಪ್ಪೆ ಮಿಟುಕುತ್ತದೆಯೇ, ಕಿವಿಗೆ ತಣ್ಣೀರು ಬಿಟ್ಟು ಕಣ್ಣುಗುಡ್ಡೆ ಹೊರಳುತ್ತದೆಯೇ, ಗಂಟಲಿಗೆ ನಳಿಕೆ ತಾಗಿಸಿದರೆ ಕೆಮ್ಮು ಬರುತ್ತದೆಯೇ ಎಂದೆಲ್ಲ ಪರೀಕ್ಷಿಸುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ. ವೆಂಟಿಲೇಟರ್ ಬೇರ್ಪಡಿಸಿ, ಆಮ್ಲಜನಕ ಮಾತ್ರ ಹರಿಯಬಿಟ್ಟು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋದಾಗ ಎದೆ ತಾನಾಗಿ ಏಳುತ್ತದೆಯೇ ಎಂದು ಕಾಯುತ್ತಾರೆ. ಕನಿಷ್ಠ 6 ಗಂಟೆಗಳ ನಂತರ ಇಡೀ ಪರೀಕ್ಷೆ ಇನ್ನೊಮ್ಮೆ ನಡೆಯಬೇಕು.

ಈ ನಡುವಿನ ಹೊತ್ತು ಮನೆಯವರನ್ನು ಸಿದ್ಧಗೊಳಿಸುವ ಹೊತ್ತು. ‘ಪೆಟ್ಟು ತುಂಬ ದೊಡ್ಡದು. ಅವರ ಮಿದುಳು ಕೆಲಸ ಮಾಡುತ್ತಿದೆಯೇ ಎಂದು ಮೊದಲ ಸಲ ನೋಡಿದೆವು, ಯಾವ ಸೂಚನೆಯೂ ಸಿಗಲಿಲ್ಲ. ಸಂಜೆ ಮತ್ತೊಮ್ಮೆ ನೋಡುತ್ತೇವೆ. ಆಗಲೂ ಹೀಗೇ ಇದ್ದರೆ ಅವರು ತೀರಿಕೊಂಡಿದ್ದಾರೆ ಎಂದೇ ಅರ್ಥ’ ಎಂದು ಚಿಕಿತ್ಸೆ ಕೊಟ್ಟ ವೈದ್ಯರೇ ಕೂತು ಹೇಳಬೇಕು. ಎರಡನೇ ಪರೀಕ್ಷೆಯ ನಂತರ ಮಾತು ಇನ್ನೂ ನೇರವಾಗಬೇಕು: ‘ಅಮ್ಮಾ, ನಿಮ್ಮ ಯಜಮಾನರು ತೀರಿಕೊಂಡಿದ್ದಾರೆ.’ ‘ಬ್ರೇನ್ ಡೆಡ್’ ಎಂಬುದನ್ನು ಇದರ ನಂತರ ಕಾರಣವಾಗಿ ಹೇಳಬಹುದು, ಇದರ ಜಾಗದಲ್ಲಿ ಹೇಳಬಾರದು.

ಅಣ್ಣ ಕೇಳಿಯೇ ಕೇಳುತ್ತಾರೆ: ‘ಡಾಕ್ಟ್ರೇ, ಮೈ ಬಿಸಿ ಇದೆ, ಎದೆ ಏಳ್ತಾ ಇದೆ, ಮಾನಿಟರಲ್ಲಿ ಹಾರ್ಟ್ ಬೀಟ್ ಕಾಣ್ತಾ ಇದೆ. ಹೆಂಗೆ ನಂಬೋದು?’ ಉತ್ತರ ಸರಳ. ಎದೆ ಏಳುವುದು ಮಷಿನ್ ಗಾಳಿ ತಳ್ಳುವುದರಿಂದ. ಹೃದಯಕ್ಕೆ ತನ್ನದೇ ಮಿಡಿತದ ವ್ಯವಸ್ಥೆ ಇರುವುದರಿಂದ ಆಮ್ಲಜನಕ ಸಿಗುವವರೆಗೆ ಅದು ಬಡಿಯುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಕೋಮಾದಲ್ಲಿರುವವರ ಮಿದುಳಿನಲ್ಲಿ ಜೀವ ಇರುತ್ತದೆ, ಇಲ್ಲಿ ಅದು ಉಳಿದಿಲ್ಲ. ಇನ್ನೊಂದನ್ನು ಅವರು ಕೇಳುವ ಮೊದಲೇ ಹೇಳಿಬಿಡಬೇಕು: ಕೈಬೆರಳೋ ಕಾಲೋ ಅಲುಗಬಹುದು, ಅದು ಬೆನ್ನುಹುರಿಯಿಂದ ಬರುವ ಚಲನೆ. ಮುಂಚೆ ಹೇಳದಿದ್ದರೆ, ಮಗಳು ಕೈ ಹಿಡಿದಾಗ ಬೆರಳೊಂದು ಅಲುಗಿದರೆ ಸಾಕು, ಅಲ್ಲಿಯವರೆಗಿನ ಎಲ್ಲ ಮಾತೂ ಸುಳ್ಳಾಗಿಬಿಡುತ್ತದೆ.

ಹೀಗೆ ಹೇಳಿದ ಮೇಲೆ ಆಸ್ಪತ್ರೆಯವರು ತಮ್ಮ ಮಾತಿಗೆ ತಾವೇ ಬದ್ಧರಾಗಿರಬೇಕು. ಸಾವನ್ನು ತಿಳಿಸಿ ಹತ್ತು ನಿಮಿಷಕ್ಕೆ ನರ್ಸ್ ಬಂದು ‘ಪೇಷೆಂಟ್ ಸ್ಟೇಬಲ್ ಇದ್ದಾರೆ’ ಎಂದರೆ ಮುಗಿಯಿತು. ‘ಲೈಫ್ ಸಪೋರ್ಟ್’ ಎನ್ನುವ ಬದಲು ‘ಉಸಿರಾಟದ ಮಷಿನ್’ ಎಂದರಾಯಿತು. ಮನೆಯವರೂ ಒಂದು ಮಾತು ಕೇಳಿಟ್ಟುಕೊಳ್ಳಬೇಕು: ‘ಮರಣದ ಸಮಯ ಅಂತ ಯಾವುದನ್ನು ಬರೀತೀರಿ?’ ಸಾಮಾನ್ಯವಾಗಿ ಬರೆಯುವುದು ಎರಡನೇ ಸುತ್ತಿನ ಪರೀಕ್ಷೆಯ ಹೊತ್ತನ್ನು. ಆದರೆ ದೇಹ ಕೈಗೆ ಸಿಗುವುದು ಮರುದಿನವೂ ಆಗಬಹುದು. ಸೂತಕವನ್ನೂ ಹನ್ನೊಂದನೇ ದಿನವನ್ನೂ ಯಾವತ್ತಿನಿಂದ ಎಣಿಸಬೇಕೆಂಬ ತಕರಾರು ಆಗ ಏಳುವುದಿಲ್ಲ.

ಪ್ರಶ್ನೆ ಯಾರ ಮನಸ್ಸಿನದು?

ಸಾವಿನ ಮಾತು ಮನಸ್ಸಿಗೆ ಇಳಿಯುವವರೆಗೆ ದಾನದ ಮಾತು ಎತ್ತಬಾರದು. ‘ಮುಂದೇನು?’ ‘ಯಾವಾಗ ಕರಕೊಂಡು ಹೋಗಬಹುದು?’ ಎಂದು ಮನೆಯವರೇ ಕೇಳತೊಡಗಿದರೆ ಇಳಿದಿದೆ ಎಂದು ತಿಳಿಯಬಹುದು. ‘ಮೈಸೂರಿಗೆ ಶಿಫ್ಟ್ ಮಾಡಿದ್ರೆ ಉಳೀತಾರಾ?’ ಎಂದು ಕೇಳುತ್ತಿದ್ದರೆ ಇನ್ನೂ ಇಳಿದಿಲ್ಲ. ದಾನದ ಅವಕಾಶ ಇದೆ ಎಂದು ತಿಳಿಸುವುದು ಆಸ್ಪತ್ರೆಯ ಕರ್ತವ್ಯ ಎಂದು 2011ರ ತಿದ್ದುಪಡಿ ಹೇಳುತ್ತದೆ. ಆ ಕೆಲಸವನ್ನು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಬೇರೆ ಕೋಣೆಯಲ್ಲಿ ಕೂತು ಮಾಡುವುದು ಒಳ್ಳೆಯದು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಮಾತಿಗೂ ದಾರಿ ತೋರುತ್ತದೆ. ತೀರಿಕೊಂಡವರು ಬದುಕಿದ್ದಾಗ ಸಾಕ್ಷಿಗಳ ಮುಂದೆ ಬರೆದುಕೊಟ್ಟಿದ್ದರೆ ಅದಕ್ಕೆ ಬೆಲೆ ಇದೆ. ಬರೆದುಕೊಟ್ಟಿಲ್ಲದಿದ್ದರೆ ಹತ್ತಿರದ ಸಂಬಂಧಿ ಒಪ್ಪಿಗೆ ಕೊಡಬಹುದು, ಆದರೆ ಎರಡು ಶರತ್ತುಗಳಿವೆ. ತೀರಿಕೊಂಡವರು ಬೇಡ ಎಂದಿರಬಾರದು, ಹತ್ತಿರದ ಬೇರೆ ಸಂಬಂಧಿಗಳ ಆಕ್ಷೇಪವೂ ಇರಬಾರದು. ಅಂದರೆ ಕೇಳಬೇಕಾದ ಪ್ರಶ್ನೆ ‘ನೀವು ಕೊಡುತ್ತೀರಾ?’ ಎಂಬುದಲ್ಲ, ‘ಅವರಿದ್ದಿದ್ದರೆ ಏನನ್ನುತ್ತಿದ್ದರು?’ ಎಂಬುದು. ‘ಕೊಡುತ್ತೀರಾ?’ ಎಂದರೆ ಇಡೀ ಭಾರ ಹೆಂಡತಿಯ ತಲೆಯ ಮೇಲೆ ಬೀಳುತ್ತದೆ. ‘ಗಂಡನ ಮೈ ಕುಯ್ಯೋಕೆ ಅವಳೇ ಒಪ್ಪಿದ್ದು’ ಎಂದು ನಾಳೆ ಯಾರಾದರೂ ಅಂದರೆ ಉತ್ತರ ಕೊಡಬೇಕಾದವರೂ ಅವರೇ.

ಆದ್ದರಿಂದ ಕೋಆರ್ಡಿನೇಟರ್ ಮೊದಲು ಆ ಮನುಷ್ಯನ ಬಗ್ಗೆ ಕೇಳಿದರೆ ಮಾತು ಹೀಗೆ ಸಾಗಬಹುದು:

‘ಅವರು ಯಾವತ್ತಾದರೂ ನೇತ್ರದಾನ, ರಕ್ತದಾನ ಅಂತೆಲ್ಲ ಮಾತಾಡಿದ್ದುಂಟಾ?’

‘ಪುನೀತ್ ಅವರು ಕಣ್ಣು ಕೊಟ್ಟಾಗ, ನಾನೂ ಹಂಗೇ ಬರೆದುಕೊಡಬೇಕು ಅಂತಿದ್ರು. ಬರೆದುಕೊಡಲಿಲ್ಲ.’

‘ಅತ್ತೆಯವರಿಗೆ, ಭಾವನವರಿಗೆ ಏನನ್ನಿಸುತ್ತೆ ಅಂತ ಕೇಳಿ ನೋಡಿ. ಬೇಡ ಅಂದರೂ ನಮ್ಮ ಗೌರವ, ಆರೈಕೆ ಒಂದು ಚೂರೂ ಕಮ್ಮಿ ಆಗಲ್ಲ.’

ಮನೆಯೊಳಗಿನ ಮಾತನ್ನೂ ಹೀಗೇ ತಿರುಗಿಸಿಕೊಳ್ಳಬಹುದು. ‘ಭಾವ, ನೀವು ಹೂಂ ಅಂದ್ರೆ ಕೊಡೋಣ’ ಎಂದರೆ ಭಾರ ಭಾವನ ಮೇಲೆ ಬೀಳುತ್ತದೆ. ‘ಭಾವ, ಅವರು ಹಿಂಗಂದಿದ್ರು. ಅದನ್ನ ನಡೆಸಿಕೊಡೋಣ ಅಂತ ನನಗನ್ಸುತ್ತೆ. ನಿಮ್ಮ, ಅತ್ತೆಯ ಮನಸ್ಸಲ್ಲಿ ಬೇಡ ಅಂತಿದೆಯಾ?’ ಎಂದರೆ ಎಲ್ಲರೂ ಅವರ ಮಾತಿನ ಸುತ್ತ ಕೂತಂತಾಗುತ್ತದೆ. ಸಹಿ ಹಾಕುವವರು ಒಬ್ಬರೇ ಆದರೂ ತಾಯಿಯನ್ನು ಕತ್ತಲಲ್ಲಿ ಇಡಬಾರದು. ‘ವಯಸ್ಸಾದವರಿಗೆ ಹೇಳೋದು ಬೇಡ’ ಎಂದು ಮುಚ್ಚಿಟ್ಟದ್ದು ಹೊಲಿಗೆ ಕಂಡಾಗ ಹೊರಗೆ ಬರುತ್ತದೆ.

ಒಪ್ಪಿಗೆಯಲ್ಲಿ ಏನೇನು ಬಿಡಿಸಿ ಹೇಳಬೇಕು?

ಮನೆಯವರು ಸಹಿ ಹಾಕುವುದು 8ನೇ ನಮೂನೆಗೆ. ‘ಎಲ್ಲಾ ತಗೊಳ್ಳಿ’ ಎಂದು ಬಾಯಲ್ಲಿ ಹೇಳಿದರೂ ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ಕಾರ್ನಿಯಾ, ಚರ್ಮ ಎಂದು ಒಂದೊಂದನ್ನೂ ಓದಿ ಕೇಳಬೇಕು. ಕಿಡ್ನಿ, ಲಿವರ್‌ಗೆ ಒಪ್ಪಿದವರು ಕಣ್ಣಿಗೋ ಚರ್ಮಕ್ಕೋ ತಡೆಯಬಹುದು. ಅದು ಅವರ ಹಕ್ಕು, ಆ ಅಂಗದ ಮುಂದೆ ಬೇಡ ಎಂದು ಬರೆದರಾಯಿತು. ಅಂಗಾಂಗ ದಾನವನ್ನೂ ವೈದ್ಯಕೀಯ ಕಾಲೇಜಿಗೆ ಕೊಡುವ ದೇಹದಾನವನ್ನೂ ಒಂದೇ ಎಂದುಕೊಂಡು ಹಿಂದೆ ಸರಿಯುವವರಿದ್ದಾರೆ. ‘ದೇಹ ನಿಮಗೇ ವಾಪಸ್ ಬರುತ್ತೆ. ಆಪರೇಷನ್ ಆದಂತೆ ಹೊಲಿಗೆ ಇರುತ್ತೆ, ಮುಖ ನೋಡಬಹುದು, ಸ್ನಾನ ಮಾಡಿಸಬಹುದು’ ಎಂಬ ಮಾತು ಅವರಿಗೆ ಬೇಕು.

ಇದು ಅಪಘಾತದ ಪ್ರಕರಣವಾದ್ದರಿಂದ ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆ ತಪ್ಪುವುದಿಲ್ಲ. ದಾನಕ್ಕೆ ಒಪ್ಪದಿದ್ದರೂ ಅವು ಇದ್ದೇ ಇವೆ ಎಂದು ತಿಳಿಸಬೇಕು. ಇಲ್ಲದಿದ್ದರೆ ‘ದಾನ ಮಾಡಿದ್ದಕ್ಕೆ ಪೋಸ್ಟ್‌ಮಾರ್ಟಮ್ ಮಾಡಿದರು’ ಎಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ. ಅಂಗ ಯಾರಿಗೆ ಹೋಗಬೇಕೆಂದು ಆಸ್ಪತ್ರೆ ತನ್ನಿಷ್ಟದಂತೆ ತೀರ್ಮಾನಿಸುವಂತಿಲ್ಲ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಕಾಯುವವರ ಪಟ್ಟಿಯ ಪ್ರಕಾರ ಹಂಚುತ್ತದೆ. ಪಡೆದವರ ಹೆಸರು ಮನೆಯವರಿಗೆ ತಿಳಿಯುವುದಿಲ್ಲ, ಹಣವೂ ಸಿಗುವುದಿಲ್ಲ. ಅಂಗಗಳನ್ನು ಕಾಪಾಡಿ ತೆಗೆಯುವ ಖರ್ಚನ್ನು ಅವರ ಮೇಲೆ ಹಾಕುವಂತೆಯೂ ಇಲ್ಲ.

ಕೊಡಬಾರದ ಭರವಸೆಗಳೂ ಇವೆ. ‘ಎಂಟು ಜನರನ್ನು ಉಳಿಸುತ್ತಾರೆ’ ಎಂದುಬಿಟ್ಟರೆ, ಪರೀಕ್ಷೆಯಲ್ಲಿ ಹೃದಯ ಹೊಂದಲಿಲ್ಲ ಎಂದಾದಾಗ ಮನೆಯವರು ಇನ್ನೊಮ್ಮೆ ಕಳೆದುಕೊಂಡಂತೆ ಕುಸಿಯುತ್ತಾರೆ. ‘ಬಳಸಲು ಸಾಧ್ಯವಾದದ್ದನ್ನು ಮಾತ್ರ ತೆಗೆಯುತ್ತೇವೆ’ ಎಂಬುದೇ ಸತ್ಯ. ‘ಇನ್ನೆರಡು ಗಂಟೆಯಲ್ಲಿ ಬಾಡಿ ಕೊಡ್ತೀವಿ’ ಎಂಬುದೂ ಬೇಡ. ತಂಡಗಳು ಬಂದು, ಆಪರೇಷನ್ ಮುಗಿದು, ಪೊಲೀಸ್ ಕಾಗದ ಆಗುವಷ್ಟರಲ್ಲಿ ಇಡೀ ದಿನ ಹಿಡಿಯಬಹುದು. ಊರಲ್ಲಿ ಚಟ್ಟ ಕಟ್ಟಿ ಕಾಯುವವರಿಗೆ ಆ ಅಂದಾಜು ಮೊದಲೇ ಬೇಕು.

ಊರಿಗೆ ಕಳಿಸುವ ಸಂದೇಶವನ್ನು ಅಲ್ಲೇ ಕೂತು ಬರೆದುಕೊಂಡರೆ ಬೇರೆಯವರು ಬಾಯಿಗೆ ಬಂದಂತೆ ಹೇಳುವುದು ತಪ್ಪುತ್ತದೆ: ‘ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದ ನಮ್ಮ ತಮ್ಮ ಇಂದು ಸಂಜೆ ತೀರಿಕೊಂಡ. ಅವನ ಆಸೆಯಂತೆ, ಮನೆಯವರೆಲ್ಲರ ಒಪ್ಪಿಗೆಯಿಂದ ಅಂಗಾಂಗ ದಾನ ಮಾಡುತ್ತಿದ್ದೇವೆ. ನಾಳೆ ಸಂಜೆಯ ಹೊತ್ತಿಗೆ ಊರಿಗೆ ಬರುತ್ತೇವೆ.’ ಮೊದಲು ಸಾವು, ಆಮೇಲೆ ಅವನ ಇಚ್ಛೆ, ಆಮೇಲೆ ಎಲ್ಲರ ಒಪ್ಪಿಗೆ. ಈ ಕ್ರಮ ತಪ್ಪಿ ‘ದಾನ ಮಾಡಿದ ಮೇಲೆ ತೀರಿಕೊಂಡ’ ಎಂದಾದರೆ ಅರ್ಥವೇ ಕೆಡುತ್ತದೆ. ಹೆಸರು, ಫೋಟೊ ಪತ್ರಿಕೆಗೆ ಕೊಡಬಹುದೇ ಎಂಬುದನ್ನೂ ಆಸ್ಪತ್ರೆ ಬೇರೆಯಾಗಿ ಕೇಳಬೇಕು. ಅಂಗಕ್ಕೆ ಕೊಟ್ಟ ಒಪ್ಪಿಗೆಯಲ್ಲಿ ಅದು ಸೇರಿಲ್ಲ.

ತಾಯಿ ಕೊನೆಗೂ ಒಪ್ಪದಿರಬಹುದು. ಆಗಲೂ ಆಸ್ಪತ್ರೆಯ ಮಾತು ಅಷ್ಟೇ ಸ್ಪಷ್ಟವಾಗಿರಬೇಕು: ‘ಆಯ್ತಮ್ಮಾ, ಬೇಡ ಅಂದಿದ್ದೀರಿ, ಹಾಗೇ ಬರೆದುಕೊಂಡಿದ್ದೇವೆ. ಇನ್ಯಾರೂ ಬಂದು ಇದನ್ನು ಕೇಳಲ್ಲ. ಮುಂದೆ ಏನು ಮಾಡಬೇಕು ಅಂತ ಡಾಕ್ಟರ್ ಬಂದು ಹೇಳ್ತಾರೆ.’ ಮತ್ತೆ ಮತ್ತೆ ಕೇಳಿ ಪಡೆದ ಸಹಿ ಕಾಗದದ ಮೇಲೆ ಒಪ್ಪಿಗೆಯಂತೆ ಕಂಡರೂ, ಆ ಮನೆಯವರು ಮುಂದೆ ಅದನ್ನು ತಮ್ಮ ನಿರ್ಧಾರ ಎಂದು ಹೇಳಿಕೊಳ್ಳಲಾರರು. ಬೇಡ ಎನ್ನಲು ದಾರಿ ತೆರೆದಿಟ್ಟು ಕೇಳಿದಾಗ ಸಿಗುವ ‘ಆಯಿತು’ ಮಾತ್ರ ಹನ್ನೊಂದನೇ ದಿನ ಬಂಧುಗಳ ನಡುವೆಯೂ, ಮುಂದೆ ಮಗಳು ದೊಡ್ಡವಳಾಗಿ ಕೇಳಿದಾಗಲೂ ನಿಲ್ಲುತ್ತದೆ.