ನಿಮಗಿದು ಗೊತ್ತೆ? ಒತ್ತಡ ಅಳೆಯುವ ಪೆನ್ನಿಗೆ ಬ್ಯಾಟರಿಯೇ ಬೇಕಿಲ್ಲ!

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ ಫೋನಿನ ಒಡಲಲ್ಲಿ ಅಡಗಿರುವ ಎಸ್ ಪೆನ್ ಬರೆಯುವುದಕ್ಕೆ ಬ್ಯಾಟರಿಯನ್ನು ಬಳಸುವುದಿಲ್ಲ. ಪರದೆಯ ಕೆಳಗಿರುವ ಡಿಜಿಟೈಸರ್ ಎಂಬ ತೆಳು ಪದರ ವಿದ್ಯುತ್ಕಾಂತ ಕ್ಷೇತ್ರವನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗಿನ ತಂತಿಸುರುಳಿ ಅದರಿಂದಲೇ ಶಕ್ತಿ ಪಡೆದು ಉತ್ತರ ಕಳಿಸುತ್ತದೆ. ಮೊನೆಯನ್ನು ಒತ್ತಿದಷ್ಟೂ ಆ ಸಂಕೇತ ಬದಲಾಗುತ್ತದೆ. 2011ರ ಮೊದಲ ಗ್ಯಾಲಕ್ಸಿ ನೋಟ್ 256 ಹಂತದ ಒತ್ತಡವನ್ನು ಗುರುತಿಸುತ್ತಿತ್ತು; ಎಸ್24 ಅಲ್ಟ್ರಾ 4096 ಹಂತಗಳನ್ನು ಗುರುತಿಸುತ್ತದೆ. ಚಿತ್ರ ಬಿಡಿಸುವವರಿಗೆ ಇದು ವರ. ನೋಟ್ಸ್ ಬರೆಯುವವರಿಗೆ ಇಷ್ಟು ಹಂತಗಳ ಅಗತ್ಯ ಕಡಿಮೆ.

ಅವರಿಗೆ ನಿಜವಾಗಿ ಬೇಕಿರುವುದು ಅಂಗೈ ತಗುಲಿದರೂ ಗೀಚು ಬೀಳದಿರುವುದು. ಪೆನ್ ಪರದೆಯ ಸಮೀಪ ಬಂದೊಡನೆ, ಇನ್ನೂ ಮುಟ್ಟುವ ಮೊದಲೇ, ಫೋನಿಗೆ ಅದರ ಸುಳಿವು ಸಿಗುತ್ತದೆ. ಆಗ ಅದು ಕೈಯ ಸ್ಪರ್ಶವನ್ನು ಕಡೆಗಣಿಸುತ್ತದೆ. ಪೆನ್ನಿಗಿಂತ ಮೊದಲು ಅಂಗೈ ಊರಿದರೆ ಮಾತ್ರ ಪುಟ ಸರಿದಾಡಬಹುದು.

ರಬ್ಬರ್ ಮೊನೆಯ ಅಗ್ಗದ ಸ್ಟೈಲಸ್‌ನಲ್ಲಿ ಇದಾವುದೂ ಇಲ್ಲ. ಫೋನಿನ ಕಣ್ಣಿಗೆ ಅದೂ ಒಂದು ಬೆರಳು. ಡಿಜಿಟೈಸರ್ ಇಲ್ಲದ ಫೋನಿಗೆ ಎಸ್ ಪೆನ್ ಕೊಂಡರೂ ಒಂದು ಗೆರೆ ಮೂಡದು. ಆದ್ದರಿಂದ ಅಂಗಡಿಯಲ್ಲೇ ಪರೀಕ್ಷಿಸಿ: ಪೆನ್ನನ್ನು ಪರದೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿಯಿರಿ. ಚಿಕ್ಕ ಚುಕ್ಕೆಯೊಂದು ಕಾಣಿಸಿಕೊಂಡು ಪೆನ್ನಿನ ಜೊತೆಗೇ ಚಲಿಸಿದರೆ, ಆ ಫೋನ್ ಪೆನ್ನನ್ನೂ ಬೆರಳನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದೆ ಎಂದರ್ಥ.