ಸ್ವತಂತ್ರ ವೃತ್ತಿಯ ಗಂಟೆದರ

ಸ್ವತಂತ್ರ ವೃತ್ತಿಯ ಗಂಟೆದರ ಎಂದರೆ, ಯಾವುದೇ ಸಂಸ್ಥೆಯ ನೌಕರರಾಗಿರದೆ ಗ್ರಾಹಕರಿಗೆ ನೇರವಾಗಿ ಸೇವೆ ಒದಗಿಸುವ ವೃತ್ತಿಪರರು (ಫ್ರೀಲಾನ್ಸರ್‌ಗಳು) ತಮ್ಮ ಒಂದು ಗಂಟೆಯ ಕೆಲಸಕ್ಕೆ ನಿಗದಿಪಡಿಸುವ ಶುಲ್ಕ. ವರ್ಷದ ಕೊನೆಗೆ ಕೈಯಲ್ಲಿ ಉಳಿಯಬೇಕಾದ ಹಣ, ಆದಾಯ ತೆರಿಗೆ ಮತ್ತು ವೃತ್ತಿಯ ಖರ್ಚು, ಈ ಮೂರನ್ನು ಕೂಡಿಸಿ, ಬಂದ ಮೊತ್ತವನ್ನು ಗ್ರಾಹಕರಿಗೆ ಬಿಲ್ ಮಾಡಬಹುದಾದ ಗಂಟೆಗಳಿಂದ ಭಾಗಿಸಿ ಇದನ್ನು ಪಡೆಯಲಾಗುತ್ತದೆ. ಲೆಕ್ಕ ಸರಳ, ತಪ್ಪುವುದು ಸಾಮಾನ್ಯವಾಗಿ ಭಾಜಕದಲ್ಲಿ.

ಬಿಲ್ ಆಗುವ ಗಂಟೆಗಳು

ಬೆಂಗಳೂರಿನ ಒಬ್ಬ ಒಳಾಂಗಣ ವಿನ್ಯಾಸಕಿಯ ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತಿಂಗಳಿಗೆ 1,20,000 ರೂ., ಅಂದರೆ ವರ್ಷಕ್ಕೆ 14,40,000 ರೂ. ಕೈಗೆ ಉಳಿಯಬೇಕೆಂಬುದು ಅವರ ಗುರಿ. ನೌಕರರಿಗೆ ಸಂಸ್ಥೆಯೇ ಭರಿಸುವ ಭವಿಷ್ಯನಿಧಿಯ ಪಾಲು, ಆರೋಗ್ಯ ವಿಮೆ ಮುಂತಾದವುಗಳನ್ನೂ ಅವರು ಈ ಹಣದಿಂದಲೇ ಹೊಂದಿಸಿಕೊಳ್ಳಬೇಕು.

ವಾರಕ್ಕೆ ಐದು ದಿನಗಳಂತೆ ವರ್ಷಕ್ಕೆ 260 ದಿನಗಳು. ಹಬ್ಬಹರಿದಿನಗಳಿಗೆ 12, ರಜೆಗೆ 18, ಅನಾರೋಗ್ಯಕ್ಕೆ 10 ದಿನ ಕಳೆದರೆ 220 ದಿನ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 1,760 ಗಂಟೆ ಉಳಿಯುತ್ತದೆ. ಇದಷ್ಟಕ್ಕೂ ಹಣ ಬರುವುದಿಲ್ಲ. ಹೊಸ ಗ್ರಾಹಕರ ಮನೆ ನೋಡಿಬರುವುದು, ಅಂದಾಜುಪಟ್ಟಿ ಬರೆಯುವುದು, ಬಾಕಿ ವಸೂಲಿಗೆ ಮತ್ತೆ ಮತ್ತೆ ಫೋನ್ ಮಾಡುವುದು, ಹೊಸ ತಂತ್ರಾಂಶ ಕಲಿಯುವುದು ಇವೆಲ್ಲ ಕೆಲಸವೇ ಆದರೂ ಯಾರೂ ಇದಕ್ಕೆ ಹಣ ಕೊಡರು. ಈ ವಿನ್ಯಾಸಕಿಗೆ ಅದು ಶೇ. 40ರಷ್ಟಿದೆ ಎಂದಿಟ್ಟುಕೊಂಡರೆ ಬಿಲ್ ಆಗುವುದು 1,056 ಗಂಟೆ ಮಾತ್ರ. ಈ ಪ್ರಮಾಣವನ್ನು ಊಹಿಸುವುದಕ್ಕಿಂತ ಆರೆಂಟು ವಾರ ದಿನಚರಿ ಬರೆದಿಟ್ಟು ಅಳೆಯುವುದು ಮೇಲು. ಊಹೆ ಬಹುತೇಕ ಉದಾರವಾಗಿಯೇ ಇರುತ್ತದೆ.

ಖರ್ಚು ಮತ್ತು ತೆರಿಗೆ

ಅವರ ವಾರ್ಷಿಕ ಖರ್ಚು 3,60,000 ರೂ.: ಕೆಲಸದ ಕೋಣೆಯ ಬಾಡಿಗೆ 1,20,000, ಓಡಾಟ 84,000, ತಂತ್ರಾಂಶದ ಚಂದಾ 60,000, ಲೆಕ್ಕಪರಿಶೋಧಕರ ಶುಲ್ಕ ಮತ್ತು ಮಾದರಿಗಳು 36,000, ಫೋನ್, ಇಂಟರ್ನೆಟ್ ಮತ್ತು ವಿದ್ಯುತ್ 30,000. ಉಳಿದ 30,000 ರೂ. ಲ್ಯಾಪ್‌ಟಾಪಿನ ಪಾಲು. 1,20,000 ರೂ. ಬೆಲೆಯ ಯಂತ್ರ ನಾಲ್ಕು ವರ್ಷ ಬಾಳುವುದಾದರೆ ಪ್ರತಿ ವರ್ಷದ ದರದಲ್ಲೂ ಅದರ ಕಾಲುಭಾಗ ಸೇರಬೇಕು. ಇಲ್ಲವಾದರೆ ಐದನೆಯ ವರ್ಷ ಹೊಸದನ್ನು ಕೊಳ್ಳಲು ಸಾಲ ಮಾಡಬೇಕಾಗುತ್ತದೆ.

ತೆರಿಗೆಯನ್ನು ಕೈಗೆ ಉಳಿಯುವ ಹಣದ ಮೇಲೆ ಲೆಕ್ಕ ಹಾಕಬಾರದು, ಏಕೆಂದರೆ ತೆರಿಗೆಗಾಗಿ ಗಳಿಸುವ ಹಣಕ್ಕೂ ತೆರಿಗೆ ಬೀಳುತ್ತದೆ. ಆದ್ದರಿಂದ ಲಾಭವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಗುರಿ ಮುಟ್ಟುವವರೆಗೆ ಪರೀಕ್ಷಿಸಬೇಕು. 2025-26ರ ಆರ್ಥಿಕ ವರ್ಷದ ಹೊಸ ಪದ್ಧತಿಯಂತೆ 15,60,000 ರೂ. ಲಾಭದಲ್ಲಿ ಮೊದಲ 12 ಲಕ್ಷಕ್ಕೆ 60,000, ಮಿಕ್ಕ 3,60,000ಕ್ಕೆ ಶೇ. 15ರಂತೆ 54,000, ಇವುಗಳ ಮೇಲೆ ಶೇ. 4ರ ಸೆಸ್ ಸೇರಿ ತೆರಿಗೆ 1,18,560 ರೂ. ಆಗುತ್ತದೆ. ಉಳಿಯುವುದು 14,41,440 ರೂ., ಗುರಿಗಿಂತ ತುಸು ಹೆಚ್ಚು.

ಲಾಭಕ್ಕೆ ಖರ್ಚನ್ನು ಕೂಡಿಸಿದರೆ ವರ್ಷಕ್ಕೆ 19,20,000 ರೂ. ಬಿಲ್ ಆಗಬೇಕು. ಅದನ್ನು 1,056ರಿಂದ ಭಾಗಿಸಿದರೆ ಗಂಟೆಗೆ ಸುಮಾರು 1,820 ರೂ. ನೌಕರಿಯ ರೂಢಿಯಲ್ಲಿ 14,40,000 ರೂ.ಗಳನ್ನು ವರ್ಷದ 2,080 ಗಂಟೆಗಳಿಂದ ಭಾಗಿಸಿದ್ದರೆ 692 ರೂ. ಬರುತ್ತಿತ್ತು.

2025-26ರ ಆರ್ಥಿಕ ವರ್ಷದಲ್ಲಿ ಒಳಾಂಗಣ ವಿನ್ಯಾಸವು ಆದಾಯ ತೆರಿಗೆ ಕಾಯ್ದೆ, 1961ರ 44ಎಡಿಎ ವಿಧಿಗೆ ಒಳಪಡುವ ವೃತ್ತಿಗಳಲ್ಲೊಂದಾಗಿತ್ತು. ವರ್ಷದ ಸ್ವೀಕೃತಿ ನಿಗದಿತ ಮಿತಿಯೊಳಗಿದ್ದರೆ ಅದರ ಅರ್ಧವನ್ನೇ ಲಾಭವೆಂದು ಅಂದಾಜಿಸುವ ಅವಕಾಶ ಅಲ್ಲಿತ್ತು. ಇದರಿಂದ ತೆರಿಗೆ ಗಣನೀಯವಾಗಿ ತಗ್ಗಬಹುದಿತ್ತು. ಆದರೂ ಮೇಲಿನ ಲೆಕ್ಕ ವಾಸ್ತವ ಲಾಭದ ಮೇಲೆಯೇ ನಡೆದಿದೆ. ಬದಲಾಗಬಹುದಾದ ರಿಯಾಯಿತಿಯನ್ನು ನಂಬಿ ದರ ಇಳಿಸಿದರೆ ಅದನ್ನು ಮತ್ತೆ ಏರಿಸುವುದು ಕಷ್ಟ.

ಸಾಮಾನ್ಯ ತಪ್ಪುಗಳು

ಸಂಸ್ಥೆಗಳು ವೃತ್ತಿಶುಲ್ಕ ಪಾವತಿಸುವಾಗ ಶೇ. 10ರಷ್ಟನ್ನು ಮೂಲದಲ್ಲೇ ಕಡಿತ (ಟಿಡಿಎಸ್) ಮಾಡುವುದುಂಟು. ಕೆಲವರು ಇದನ್ನು ಖರ್ಚೆಂದು ಭಾವಿಸಿ ದರಕ್ಕೆ ಸೇರಿಸುತ್ತಾರೆ. ಇದು ಮುಂಗಡವಾಗಿ ಪಾವತಿಯಾದ ತೆರಿಗೆಯಷ್ಟೆ. ಹೆಚ್ಚಾದದ್ದು ಮರಳಿ ಬರುತ್ತದೆ. ಮರಳಿ ಬರುವವರೆಗಿನ ತಿಂಗಳುಗಳಿಗೆ ಕೈಯಲ್ಲಿ ಸ್ವಲ್ಪ ನಗದು ಇರಬೇಕು ಎಂಬುದೇ ಇದರ ನಿಜವಾದ ಪರಿಣಾಮ.

ಜಿಎಸ್‌ಟಿಯ ಪ್ರಶ್ನೆ ಬೇರೆ. ಕರ್ನಾಟಕದಲ್ಲಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟಿದರೆ ನೋಂದಣಿ ಕಡ್ಡಾಯ. ಈ ವಿನ್ಯಾಸಕಿ ಆ ಗೆರೆಯ ಅಂಚಿನಲ್ಲಿದ್ದಾರೆ. ದಾಟಿದರೆ ಶುಲ್ಕದ ಮೇಲೆ ಶೇ. 18 ಸೇರುತ್ತದೆ. ನೋಂದಾಯಿತ ಸಂಸ್ಥೆಗಳು ಸಾಮಾನ್ಯವಾಗಿ ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತವೆ. ಮನೆ ಕಟ್ಟಿಸುವ ಗೃಹಸ್ಥರಿಗೆ ಆ ದಾರಿಯಿಲ್ಲ; ಅವರ ಪಾಲಿಗೆ 1,820 ರೂ.ಗಳ ಗಂಟೆ ಸುಮಾರು 2,148 ರೂ. ಆಗುತ್ತದೆ.

ದರ ಸರಿಯಿದ್ದರೂ ಗಂಟೆಗಳು ಕೈಕೊಡಬಹುದು. 1,056ರ ಬದಲು 880 ಗಂಟೆ ಮಾತ್ರ ಬಿಲ್ ಆದರೆ ಖರ್ಚು ಮತ್ತು ತೆರಿಗೆ ಕಳೆದು ಉಳಿಯುವುದು ಸುಮಾರು 12 ಲಕ್ಷ ರೂ., ಅಂದರೆ ತಿಂಗಳಿಗೆ 20,000 ರೂ.ಗಳ ಕೊರತೆ. ಆದ್ದರಿಂದ ಪ್ರತಿ ತಿಂಗಳು ಬಿಲ್ ಆದ ಗಂಟೆಗಳನ್ನು 88ರೊಂದಿಗೆ ಹೋಲಿಸಿ ನೋಡಲಾಗುತ್ತದೆ. ಮೂರ್ನಾಲ್ಕು ತಿಂಗಳು ಸತತವಾಗಿ 75ರ ಆಸುಪಾಸಿನಲ್ಲೇ ನಿಂತರೆ ದರವನ್ನು 2,100 ರೂ.ಗಳ ಮೇಲಕ್ಕೆ ಒಯ್ಯಬೇಕಾಗುತ್ತದೆ, ಅಥವಾ ಅಂದಾಜುಪಟ್ಟಿಗಾಗಿ ಮಾಡುವ ಮೊದಲ ಭೇಟಿಗೂ ಶುಲ್ಕ ವಿಧಿಸಬೇಕಾಗುತ್ತದೆ.